ಚೀಟಿ ಪುಸ್ತಕದ ಫೋಟೊದಿಂದ ತಿಂಗಳವಾರು ಲೆಕ್ಕ

ಚೀಟಿ ಹಾಕಿದವರಿಗೆ ತಿಂಗಳಿಗೊಮ್ಮೆ ಏಳುವ ಪ್ರಶ್ನೆಗಳು ಹೆಚ್ಚಿಲ್ಲ. ಈ ಸಲ ನಾನು ಕಟ್ಟಬೇಕಾದ್ದು ಎಷ್ಟು, ಆ ಮೊತ್ತ ಹೇಗೆ ಬಂತು? ಹೋದ ತಿಂಗಳು ಚೀಟಿ ಎತ್ತಿದವರ ಕೈಗೆ ಹೋದದ್ದು ಎಷ್ಟು? ಕೊನೆಯವರೆಗೆ ಕಾದರೆ ನನಗೆ ಸಿಗುವುದೆಷ್ಟು? ಉತ್ತರವೆಲ್ಲ ಚೀಟಿ ನಡೆಸುವವರ ಉದ್ದನೆಯ ನೋಟ್‌ಪುಸ್ತಕದಲ್ಲಿ ಇದೆ. ಯಾರಾದರೂ ಒತ್ತಾಯಿಸಿ ಕೇಳಿದಾಗ ಆ ಪುಟದ ಒಂದು ಫೋಟೊ ವಾಟ್ಸಾಪಿಗೆ ಬರುತ್ತದೆ. ಫೋಟೊದಲ್ಲಿ ಎಲ್ಲ ಅಂಕಿಗಳೂ ಇರುತ್ತವೆ, ಆದರೆ ಅವು ಯಾವ ನಿಯಮದ ಮೇಲೆ ಬಂದವು ಎಂಬುದು ಎಲ್ಲೂ ಬರೆದಿರುವುದಿಲ್ಲ. ನಡೆಸುವವರಿಗೆ ಅದು ಬಾಯಿಪಾಠ, ಬರೆದಿಡುವ ಅಗತ್ಯ ಅವರಿಗೆ ಕಂಡಿರುವುದಿಲ್ಲ.

ನೋಂದಾಯಿತ ಚೀಟಿ ಕಂಪನಿಗಳಲ್ಲಿ ಈ ತೊಡಕು ಕಡಿಮೆ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಅವರು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು, ಪ್ರತಿ ಹರಾಜಿನ ನಡಾವಳಿ ಬರೆದಿಡಬೇಕು, ಕಮಿಷನ್ ಎಷ್ಟೆಂದು ಮೊದಲೇ ಹೇಳಬೇಕು. ಬೀದಿಯಲ್ಲಿ, ಕಚೇರಿಯಲ್ಲಿ, ನೆಂಟರಿಷ್ಟರ ನಡುವೆ ನಂಬಿಕೆಯ ಮೇಲೆ ನಡೆಯುವ ಚೀಟಿಗೆ ಇರುವುದು ಒಂದು ಪುಸ್ತಕ ಮಾತ್ರ. ಆ ಪುಸ್ತಕದ ಫೋಟೊದಿಂದ ತಿಂಗಳವಾರು ಪಟ್ಟಿ ಕಟ್ಟುವುದು ಹೇಗೆ ಎಂದು ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಈ ಚೀಟಿ ಲೆಕ್ಕ ತೋರಿಸಲೆಂದೇ ನಾನು ಕಟ್ಟಿದ್ದು. ಇದರೊಳಗಿನ ಗೋಜಲುಗಳು ಮಾತ್ರ ಮನೆಚೀಟಿಯ ಪುಸ್ತಕಗಳಲ್ಲಿ ದಿನನಿತ್ಯ ಸಿಗುವಂಥವು.

ಐವತ್ತು ಸಾವಿರದ ಚೀಟಿ. ಹತ್ತು ತಿಂಗಳು, ತಿಂಗಳಿಗೆ 5,000 ಕಂತು. ಪುಟದ ಎಡಕ್ಕೆ ಹೆಸರುಗಳು, ಮೇಲೆ ತಿಂಗಳುಗಳು. ಪ್ರತಿ ಮನೆಯಲ್ಲಿ ಆ ತಿಂಗಳು ಆ ಸದಸ್ಯೆ ಕಟ್ಟಿದ ಹಣ. ಅಡಿಯಲ್ಲಿ ಎರಡು ಸಾಲು: ಒಂದರಲ್ಲಿ ‘ಹರಾಜು’ ಎಂದು ಒಂದು ಮೊತ್ತ, ಇನ್ನೊಂದರಲ್ಲಿ ಚೀಟಿ ಎತ್ತಿದವರ ಹೆಸರು. ಅಷ್ಟೇ.

ಮೊದಲು ಫೋಟೊದ ಮಾತು. ಪುಸ್ತಕವನ್ನು ನೆಲದ ಮೇಲೆ ಅಥವಾ ಮೇಜಿನ ಮೇಲೆ ಮಟ್ಟಸವಾಗಿ ಬಿಡಿಸಿ, ಹಗಲು ಬೆಳಕಿನಲ್ಲಿ, ನೇರ ಮೇಲಿನಿಂದ ತೆಗೆಯಬೇಕು. ಎರಡು ಪುಟಗಳಿಗೆ ಹರಡಿದ ಲೆಕ್ಕವಾದರೆ ಎರಡು ಫೋಟೊ ಬೇಕು. ಒಂದೇ ಫೋಟೊದಲ್ಲಿ ಹಿಡಿದರೆ ನಡುವಿನ ಹೊಲಿಗೆಯ ಬಳಿ ಕಾಗದ ಬಾಗಿ, ಒಂದೆರಡು ತಿಂಗಳ ಅಂಕಿಗಳು ಮಡಿಕೆಯೊಳಗೆ ಹೋಗಿಬಿಡುತ್ತವೆ. ಪುಟದ ನಾಲ್ಕೂ ಮೂಲೆ ಕಾಣುತ್ತಿರಲಿ, ಕತ್ತರಿಸಿದ ಫೋಟೊದಲ್ಲಿ ಕೊನೆಯ ಸಾಲು ಇತ್ತೋ ಇಲ್ಲವೋ ಎಂದು ಆಮೇಲೆ ತಿಳಿಯುವುದಿಲ್ಲ. ಫೋನಿನಲ್ಲಿ ಚಿತ್ರದಿಂದ ಅಕ್ಷರ ಎತ್ತಿಕೊಡುವ ಸೌಲಭ್ಯ ಇದೆಯಾದರೂ, ಕೈಬರಹದ ಅಂಕಿಗಳಿಗೆ, ಅದರಲ್ಲೂ ಗೆರೆಯ ಮೇಲೆ ಹತ್ತಿ ಕುಳಿತ ಅಂಕಿಗಳಿಗೆ, ಅದನ್ನು ನಂಬುವುದು ಬೇಡ. ಹತ್ತು ತಿಂಗಳ ಚೀಟಿಯಲ್ಲಿ ಇರುವುದೇ ನೂರು ಚಿಲ್ಲರೆ ಅಂಕಿ. ಒಬ್ಬರು ಫೋಟೊ ನೋಡಿ ಗಟ್ಟಿಯಾಗಿ ಓದಿ, ಇನ್ನೊಬ್ಬರು ಬರೆದುಕೊಂಡರೆ ಅರ್ಧ ಗಂಟೆಯ ಕೆಲಸ.

ಬರೆದುಕೊಳ್ಳುವಾಗ ಒಂದು ನಿಯಮ ಕಟ್ಟುನಿಟ್ಟಾಗಿರಲಿ: ಇದ್ದದ್ದನ್ನು ಇದ್ದಂತೆ ಇಳಿಸಬೇಕು, ತಿದ್ದಬಾರದು. ಹೊಡೆದು ಹಾಕಿ ಮೇಲೆ ಬರೆದಿದ್ದರೆ ಎರಡನ್ನೂ ಬರೆದುಕೊಳ್ಳಿ. ಖಾಲಿ ಮನೆ ಖಾಲಿಯೇ ಇರಲಿ. 1 ಅಥವಾ 7 ಎಂಬ ಅನುಮಾನ ಬಂದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಹಿರಿಯರು ಕನ್ನಡ ಅಂಕಿಗಳಲ್ಲಿ ಬರೆದ ಪುಸ್ತಕವಾದರೆ ೨ ಮತ್ತು ೩ ಹೀಗೆಯೇ ಕಾಡುತ್ತವೆ. ಊಹೆಯನ್ನು ಈಗಲೇ ಅಂಕಿಯಾಗಿ ಬರೆದರೆ ಮುಂದೆ ಅದು ಊಹೆ ಎಂಬುದೇ ಮರೆತುಹೋಗುತ್ತದೆ.

ನಮ್ಮ ಉದಾಹರಣೆಯ ಪುಟದಿಂದ ಇಳಿಸಿಕೊಂಡದ್ದು ಹೀಗಿದೆ. ಕಂತಿನ ಕಾಲಂನಲ್ಲಿ ಇರುವುದು ಹೆಚ್ಚಿನ ಸದಸ್ಯೆಯರ ಎದುರು ಆ ತಿಂಗಳು ಬರೆದ ಮೊತ್ತ.

| ತಿಂಗಳು | ಕಟ್ಟಿದ ಕಂತು | ‘ಹರಾಜು’ ಸಾಲು |
|---|---|---|
| 1 | 5,000 | 15,000 |
| 2 | 3,750 | 14,000 |
| 3 | 3,850 | 12,500 |
| 4 | 4,000 | 17,000? |
| 5 | 4,150 | 10,500 |
| 6 | 4,200 | 9,000 |
| 7 | 4,350 | 42,500 |
| 8 | 4,500 | 44,000 |
| 9 | 4,650 | 46,000 |
| 10 | 4,850 | ಖಾಲಿ |

ಈಗ ನಿಯಮ ಹುಡುಕಬೇಕು. ಲೆಕ್ಕ ಶುರುಮಾಡಿದವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ತಮಗೆ ಗೊತ್ತಿರುವ ಇನ್ನಾವುದೋ ಚೀಟಿಯ ನಿಯಮವನ್ನು ಇದರ ಮೇಲೆ ಹೇರಿ, ಅಂಕಿ ಹೊಂದದಿದ್ದಾಗ ಪುಸ್ತಕವೇ ತಪ್ಪು ಎನ್ನುತ್ತಾರೆ. ಹಾಗೆ ಮಾಡದೆ ಮೊದಲ ಮೂರು ತಿಂಗಳ ಅಂಕಿಗಳನ್ನು ಎದುರಿಗಿಟ್ಟುಕೊಂಡು ಕೂತರೆ ನಿಯಮ ತಾನಾಗಿ ಹೊರಬರುತ್ತದೆ.

ಹರಾಜು ಚೀಟಿಯ ಮೂಲ ಲೆಕ್ಕ ಎಲ್ಲ ಕಡೆಯೂ ಒಂದೇ. ಹಣ ತುರ್ತಾಗಿ ಬೇಕಾದವರು ‘ಇಷ್ಟು ಬಿಟ್ಟುಕೊಡುತ್ತೇನೆ’ ಎಂದು ಕೂಗುತ್ತಾರೆ. ಹೆಚ್ಚು ಬಿಟ್ಟುಕೊಟ್ಟವರಿಗೆ ಚೀಟಿ. ಬಿಟ್ಟುಕೊಟ್ಟ ಹಣದಲ್ಲಿ ನಡೆಸುವವರ ಕಮಿಷನ್ ಕಳೆದು, ಉಳಿದದ್ದನ್ನು ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ಈ ಪಾಲನ್ನೇ ಲಾಭ ಎನ್ನುವುದು. ಅದನ್ನು ಕೈಗೆ ಕೊಡುವ ಬದಲು ಕಂತಿನಲ್ಲಿ ಕಳೆಯುತ್ತಾರೆ. ಎಷ್ಟು ಜನಕ್ಕೆ ಹಂಚುತ್ತಾರೆ, ಕಮಿಷನ್ ಎಷ್ಟು, ಲಾಭವನ್ನು ಯಾವ ತಿಂಗಳ ಕಂತಿನಲ್ಲಿ ಕಳೆಯುತ್ತಾರೆ ಎಂಬ ಮೂರು ಸಂಗತಿ ಮಾತ್ರ ಚೀಟಿಯಿಂದ ಚೀಟಿಗೆ ಬೇರೆ.

ಮೊದಲು ಕಳೆಯುವ ತಿಂಗಳು ಯಾವುದೆಂದು ನೋಡೋಣ. ಮೊದಲ ತಿಂಗಳು ಎಲ್ಲರೂ ಪೂರ್ತಿ 5,000 ಕಟ್ಟಿದ್ದಾರೆ, ಆದರೂ ಆ ತಿಂಗಳು ಹರಾಜು ನಡೆದಿದೆ. ಎರಡನೇ ತಿಂಗಳು ಕಂತು ಒಮ್ಮೆಗೇ 3,750ಕ್ಕೆ ಇಳಿದಿದೆ. ಅಂದರೆ ಹಣ ಕಟ್ಟಿಸಿಕೊಂಡ ಮೇಲೆ ಹರಾಜು ಮಾಡಿ, ಅದರ ಲಾಭವನ್ನು ಮುಂದಿನ ತಿಂಗಳ ಕಂತಿನಲ್ಲಿ ಕಳೆಯುವ ಪದ್ಧತಿ ಇದು. ಹರಾಜು ಮೊದಲು ಮಾಡಿ ಅದೇ ತಿಂಗಳು ಕಡಿಮೆ ಕಟ್ಟಿಸಿಕೊಳ್ಳುವ ಚೀಟಿಯಾಗಿದ್ದರೆ ಮೊದಲ ತಿಂಗಳ ಮನೆಯಲ್ಲೇ 5,000ಕ್ಕಿಂತ ಕಡಿಮೆ ಇರುತ್ತಿತ್ತು. ಇದನ್ನು ಗಮನಿಸದೆ ಒಂದೇ ಸಾಲಿನ ಹರಾಜನ್ನೂ ಕಂತನ್ನೂ ಜೋಡಿಸಿದರೆ ಹತ್ತೂ ಸಾಲು ತಪ್ಪುತ್ತವೆ. ನಾಲ್ಕನೇ ತಿಂಗಳ ಹರಾಜಿಗೆ ಸಾಕ್ಷಿ ಹೇಳುವುದು ಐದನೇ ತಿಂಗಳ ಕಂತು.

ಹಂಚುವುದು ಎಷ್ಟು ಜನಕ್ಕೆ? ಪುಟದಲ್ಲಿ ಹೆಸರುಗಳನ್ನು ಎಣಿಸಿದರೆ ಒಂಬತ್ತೇ ಇವೆ. ಒಂಬತ್ತು ಜನ ಐದೈದು ಸಾವಿರ ಕಟ್ಟಿದರೆ ಐವತ್ತು ಸಾವಿರ ಆಗುವುದಿಲ್ಲ. ಮೊದಲ ತಿಂಗಳ ಮನೆಗಳನ್ನು ಒಂದೊಂದಾಗಿ ನೋಡಿದರೆ ನಾಲ್ಕನೇ ಹೆಸರಿನ ಎದುರು 10,000 ಇದೆ. ಆಕೆಯದು ಎರಡು ಚೀಟಿ. ಹಾಗಾಗಿ ಎಣಿಸಬೇಕಾದದ್ದು ಹೆಸರುಗಳನ್ನಲ್ಲ, ಚೀಟಿಗಳನ್ನು. ಒಂಬತ್ತರಿಂದ ಭಾಗಿಸಿ ಹೊರಟವರಿಗೆ ತಪ್ಪು ಬೇಗ ಗೊತ್ತಾಗುತ್ತದೆ, ಏಕೆಂದರೆ ಲಾಭದಲ್ಲಿ ಪೈಸೆಗಳು ಬರತೊಡಗುತ್ತವೆ. ಮನೆಚೀಟಿಯಲ್ಲಿ ಯಾರೂ ಪೈಸೆ ಲೆಕ್ಕ ಮಾಡುವುದಿಲ್ಲ. ಕೂಗನ್ನೇ ಐನೂರರ, ಸಾವಿರದ ಮಟ್ಟದಲ್ಲಿ ಕೂಗುತ್ತಾರೆ. ಪೈಸೆ ಕಂಡರೆ ಭಾಗಿಸಿದ ಸಂಖ್ಯೆಯನ್ನು ಮತ್ತೆ ನೋಡಿ.

ಇನ್ನು ಕಮಿಷನ್. ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಆದರೆ ಎರಡನೇ ತಿಂಗಳ ಕಂತು 3,750 ಎಂದರೆ ಒಂದು ಚೀಟಿಗೆ ಬಂದ ಲಾಭ 1,250. ಹತ್ತು ಚೀಟಿಗೆ 12,500. ಮೊದಲ ತಿಂಗಳು ಬಿಟ್ಟುಕೊಟ್ಟದ್ದು 15,000. ನಡುವೆ ಕಾಣದೆ ಹೋದದ್ದು 2,500. ಇದು ಕಮಿಷನ್ನೇ ಇರಬೇಕು ಎನ್ನುವ ಮೊದಲು ಇನ್ನೊಂದು ತಿಂಗಳು ನೋಡಬೇಕು. ಮೂರನೇ ತಿಂಗಳ ಕಂತು 3,850, ಲಾಭ 1,150, ಹತ್ತಕ್ಕೆ 11,500. ಎರಡನೇ ತಿಂಗಳ ಕೂಗು 14,000. ಮತ್ತೆ ಉಳಿದದ್ದು 2,500. ಎರಡು ಸಲವೂ ಅಷ್ಟೇ ಬಂದಿರುವುದರಿಂದ ಇದು ಕೂಗಿನ ಮೇಲೆ ಶೇಕಡಾವಾರು ಅಲ್ಲ, ಚೀಟಿಯ ಪೂರ್ತಿ ಮೊತ್ತಕ್ಕೆ ನೂರಕ್ಕೆ ಐದರಂತೆ ಗೊತ್ತುಮಾಡಿದ್ದು. ಕಾಯ್ದೆಯಲ್ಲಿ ಬಹಳ ಕಾಲ ಕಮಿಷನ್ನಿನ ಮಿತಿ ಶೇಕಡಾ 5 ಇತ್ತು, 2019ರ ತಿದ್ದುಪಡಿಯಲ್ಲಿ ಅದು ಶೇಕಡಾ 7 ಆಯಿತು. ನಿಮ್ಮ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚು ಬಂದರೆ ಎಲ್ಲೋ ತಪ್ಪು ಓದಿದ್ದೀರಿ, ಇಲ್ಲವೇ ನಡೆಸುವವರನ್ನು ಕೇಳಬೇಕಾದ ಪ್ರಶ್ನೆ ಸಿಕ್ಕಿದೆ.

ನಿಯಮ ಸಿಕ್ಕಿತು. ಈಗ ಅದನ್ನು ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಹಾಕೋಣ. `A` ಕಾಲಂನಲ್ಲಿ ತಿಂಗಳು, `B`ಯಲ್ಲಿ ಪುಸ್ತಕದ ಹರಾಜು ಸಾಲು ಇದ್ದಂತೆ, `C`ಯಲ್ಲಿ ಕಟ್ಟಿದ ಕಂತು ಇದ್ದಂತೆ. ಈ ಮೂರನ್ನು ಮತ್ತೆ ಮುಟ್ಟುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಅಂಕಿಯ ಜೊತೆ ಹಾಕದೆ ಆ ಮನೆಗೆ ಹಳದಿ ಬಣ್ಣ ಕೊಡಿ, ಇಲ್ಲದಿದ್ದರೆ ಸೂತ್ರ ಅದನ್ನು ಅಂಕಿಯೆಂದು ಒಪ್ಪುವುದಿಲ್ಲ. `D`ಯಲ್ಲಿ ಬಿಟ್ಟುಕೊಟ್ಟ ಹಣ, `E`ಯಲ್ಲಿ ಎತ್ತಿದವರ ಕೈಗೆ ಹೋದ ಹಣ, `F`ನಲ್ಲಿ ಒಂದು ಚೀಟಿಯ ಲಾಭ, `G`ಯಲ್ಲಿ ಬರಬೇಕಾದ ಕಂತು, `H`ನಲ್ಲಿ ಪುಸ್ತಕಕ್ಕೂ ಲೆಕ್ಕಕ್ಕೂ ಇರುವ ವ್ಯತ್ಯಾಸ. ಮೊದಲ ತಿಂಗಳು ಎರಡನೇ ಸಾಲಿನಲ್ಲಿದೆ ಎಂದಿಟ್ಟುಕೊಂಡರೆ ಸೂತ್ರಗಳು ಇವು:

```
D2:  =B2
E2:  =50000-D2
F2:  =(D2-2500)/10
G2:  5000
G3:  =5000-F2
H3:  =C3-G3
```

`G2` ಒಂದನ್ನು ಬಿಟ್ಟು ಉಳಿದವನ್ನು ಕೆಳಗಿನವರೆಗೆ ಎಳೆದರೆ ಪಟ್ಟಿ ತುಂಬುತ್ತದೆ. ಆಮೇಲೆ ನೋಡಬೇಕಾದದ್ದು `H` ಕಾಲಂ ಒಂದನ್ನೇ. ಅಲ್ಲಿ ಸೊನ್ನೆ ಇದ್ದ ಕಡೆ ಹಿಂದಿನ ತಿಂಗಳ ಹರಾಜನ್ನೂ ಈ ತಿಂಗಳ ಕಂತನ್ನೂ ಸರಿಯಾಗಿ ಓದಿದ್ದೀರಿ. ಎರಡನೇ, ಮೂರನೇ, ನಾಲ್ಕನೇ ತಿಂಗಳು ಸೊನ್ನೆ ಬರುತ್ತದೆ. ಐದನೇ ತಿಂಗಳಲ್ಲಿ 600 ಬರುತ್ತದೆ.

ಈ 600 ಏನು ಹೇಳುತ್ತದೆ? ನಾಲ್ಕನೇ ತಿಂಗಳ ಕೂಗು 17,000 ಆಗಿದ್ದರೆ ಲಾಭ 1,450, ಐದನೇ ಕಂತು 3,550 ಆಗಬೇಕು. ಪುಸ್ತಕದಲ್ಲಿ ಇರುವುದು 4,150. ಎರಡರಲ್ಲಿ ಒಂದು ತಪ್ಪು. ಯಾವುದು? ಹರಾಜಿನ ಮೊತ್ತವನ್ನು ಪುಸ್ತಕದಲ್ಲಿ ಒಂದೇ ಸಲ ಬರೆದಿದ್ದಾರೆ. ಕಂತನ್ನು ಒಂಬತ್ತು ಹೆಸರುಗಳ ಎದುರೂ ಬರೆದಿದ್ದಾರೆ. ಎಂಟು ಕಡೆ 4,150, ಎರಡು ಚೀಟಿಯವಳ ಎದುರು 8,300. ಒಂಬತ್ತು ಕಡೆಯೂ ಒಂದೇ ರೀತಿ ಕೈ ತಪ್ಪುವುದು ಅಸಾಧ್ಯವೆಂದೇ ಹೇಳಬಹುದು. ಹಾಗಾಗಿ ಕಂತನ್ನು ನಂಬಿ ಹರಾಜನ್ನು ಅನುಮಾನಿಸಬೇಕು. 600ನ್ನು ಹತ್ತರಿಂದ ಗುಣಿಸಿದರೆ 6,000, ಅಂದರೆ ಕೂಗು 6,000 ಕಡಿಮೆ ಇದ್ದಿರಬೇಕು. 17,000 ಅಲ್ಲ, 11,000. ಫೋಟೊವನ್ನು ಹಿಗ್ಗಿಸಿ ನೋಡಿದರೆ 7 ಎಂದುಕೊಂಡದ್ದು ತಲೆಯ ಮೇಲೆ ಸಣ್ಣ ಕೊಕ್ಕೆ ಇರುವ 1. ಮೂರನೇ ತಿಂಗಳ 12,500 ಮತ್ತು ಐದನೇ ತಿಂಗಳ 10,500ರ ನಡುವೆ 11,000 ಸಹಜವಾಗಿಯೂ ಕೂರುತ್ತದೆ. ಚೀಟಿ ಮುಂದೆ ಹೋದಂತೆ ಕೂಗುವವರು ಕಡಿಮೆಯಾಗಿ ಸಾಧಾರಣವಾಗಿ ಕೂಗು ಇಳಿಯುತ್ತದೆ. ಆದರೆ ಇಳಿಯಲೇಬೇಕೆಂದಿಲ್ಲ. ಶಾಲೆ ಶುರುವಾಗುವ ತಿಂಗಳಲ್ಲೋ ಹಬ್ಬದ ಮುಂಚೆಯೋ ಅದು ಮೇಲೇರಬಹುದು. ಆದ್ದರಿಂದ ಇಳಿಕೆಯ ಸಾಲು ಅನುಮಾನ ಹುಟ್ಟಿಸಲು ಸಾಕು, ತೀರ್ಮಾನಕ್ಕೆ ಕಂತೇ ಬೇಕು. `D5`ರಲ್ಲಿ 11,000 ಎಂದು ಬರೆದು, `B5`ನ್ನು ಹಾಗೇ ಬಿಡಿ. ನೀವು ತಿದ್ದಿದ್ದು ಎಲ್ಲಿ ಎಂದು ನೋಡುವವರಿಗೆ ತಿಳಿಯಬೇಕು.

ಎಂಟನೇ ತಿಂಗಳಿಗೆ ಬಂದಾಗ ಪಟ್ಟಿ ಹುಚ್ಚುಹುಚ್ಚಾಗುತ್ತದೆ. ಏಳನೇ ತಿಂಗಳು 42,500 ಬಿಟ್ಟುಕೊಟ್ಟರೆ ಎಂಟನೇ ಕಂತು 1,000 ಆಗಬೇಕು, ಪುಸ್ತಕದಲ್ಲಿ 4,500 ಇದೆ. ಇಲ್ಲಿ ಓದಿದ್ದು ತಪ್ಪಲ್ಲ, ಬರೆದ ರೀತಿ ಬದಲಾಗಿದೆ. ಫೋಟೊದಲ್ಲಿ ಆರನೇ ತಿಂಗಳವರೆಗೆ ಒಂದು ಕೈಬರಹ, ಏಳರಿಂದ ಇನ್ನೊಂದು. ಹಿಂದಿನವರು ಹರಾಜಿನ ಸಾಲಿನಲ್ಲಿ ಬಿಟ್ಟುಕೊಟ್ಟ ಹಣ ಬರೆಯುತ್ತಿದ್ದರು, ಹೊಸಬರು ಎತ್ತಿದವರಿಗೆ ಕೊಟ್ಟ ಹಣ ಬರೆಯುತ್ತಿದ್ದಾರೆ. ಎಂಟನೇ ಕಂತು 4,500 ಎಂದರೆ ಲಾಭ 500, ಹತ್ತಕ್ಕೆ 5,000, ಕಮಿಷನ್ ಸೇರಿ 7,500. ಐವತ್ತು ಸಾವಿರದಲ್ಲಿ 7,500 ಕಳೆದರೆ ಸರಿಯಾಗಿ 42,500. ಎಂಟು ಮತ್ತು ಒಂಬತ್ತನೇ ತಿಂಗಳೂ ಹೀಗೆಯೇ. `D8`ರಿಂದ `D10`ರವರೆಗೆ ಸೂತ್ರವನ್ನು `=50000-B8`, `=50000-B9`, `=50000-B10` ಎಂದು ಬದಲಿಸಿದರೆ `H` ಕಾಲಂ ಪೂರ್ತಿ ಸೊನ್ನೆಯಾಗುತ್ತದೆ. ಇಂಥ ಅದಲುಬದಲು ಅಪರೂಪವಲ್ಲ, ಹರಾಜು ಎಂಬ ಒಂದೇ ತಲೆಬರಹದಡಿ ಎರಡೂ ಮೊತ್ತಗಳನ್ನು ಬರೆಯಬಹುದಾದ್ದರಿಂದ.

ಹತ್ತನೇ ತಿಂಗಳ ಹರಾಜಿನ ಮನೆ ಖಾಲಿ ಇದೆ. ಉಳಿದದ್ದು ಒಂದೇ ಚೀಟಿ, ಎದುರು ಕೂಗುವವರಿಲ್ಲ. ಆಕೆ ಕಮಿಷನ್ ಮಾತ್ರ ಬಿಟ್ಟು 47,500 ತೆಗೆದುಕೊಳ್ಳಬೇಕು. ಈ ಖಾಲಿಯನ್ನು ಸೊನ್ನೆ ಎಂದು ಓದಿದರೆ ಪಟ್ಟಿ ಆಕೆಗೆ 50,000 ಕೊಟ್ಟುಬಿಡುತ್ತದೆ. `D11`ರಲ್ಲಿ 2,500 ಎಂದು ಕೈಯಿಂದ ಬರೆಯಬೇಕು.

ಕೊನೆಗೆ ನಿಂತ ಪಟ್ಟಿ ಇದು:

| ತಿಂಗಳು | ಒಂದು ಚೀಟಿಯ ಕಂತು | ಬಿಟ್ಟುಕೊಟ್ಟದ್ದು | ಕೈಗೆ ಬಂದದ್ದು | ಒಂದು ಚೀಟಿಯ ಲಾಭ |
|---|---|---|---|---|
| 1 | 5,000 | 15,000 | 35,000 | 1,250 |
| 2 | 3,750 | 14,000 | 36,000 | 1,150 |
| 3 | 3,850 | 12,500 | 37,500 | 1,000 |
| 4 | 4,000 | 11,000 | 39,000 | 850 |
| 5 | 4,150 | 10,500 | 39,500 | 800 |
| 6 | 4,200 | 9,000 | 41,000 | 650 |
| 7 | 4,350 | 7,500 | 42,500 | 500 |
| 8 | 4,500 | 6,000 | 44,000 | 350 |
| 9 | 4,650 | 4,000 | 46,000 | 150 |
| 10 | 4,850 | 2,500 | 47,500 | 0 |
| ಒಟ್ಟು | 43,300 | 92,000 | 4,08,000 | 6,700 |

ಒಟ್ಟುಗಳು ಒಂದಕ್ಕೊಂದು ತಾಳೆಯಾಗಬೇಕು. ಹತ್ತು ಚೀಟಿಯಿಂದ ಬಂದದ್ದು 4,33,000. ಎತ್ತಿದವರಿಗೆ ಹೋದದ್ದು 4,08,000, ಕಮಿಷನ್ 25,000. ಎರಡೂ ಕೂಡಿದರೆ 4,33,000. ಇನ್ನೊಂದು ತಾಳೆ ಎತ್ತಿದವರ ಹೆಸರಿನದು. ಪ್ರತಿ ಹೆಸರು ಒಂದು ಸಲ, ಎರಡು ಚೀಟಿಯವಳ ಹೆಸರು ಎರಡು ಸಲ ಬರಬೇಕು. ಒಂದು ಚೀಟಿಯವರ ಹೆಸರು ಎರಡು ಕಡೆ ಕಂಡರೆ ಅಂಕಿ ಎಷ್ಟು ಚೆನ್ನಾಗಿ ಹೊಂದಿದರೂ ಓದಿದ್ದರಲ್ಲಿ ತಪ್ಪಿದೆ. ನಮ್ಮ ಪುಟದಲ್ಲಿ ಆಕೆ ಮೂರನೇ ಮತ್ತು ಒಂಬತ್ತನೇ ತಿಂಗಳು ಎತ್ತಿದ್ದಾಳೆ.

ಬಾಕಿಯ ವಿಷಯವನ್ನು ಬೇಕೆಂದೇ ಹಿಂದಕ್ಕೆ ಇಟ್ಟಿದ್ದೆ. ಮೂರನೇ ಹೆಸರಿನ ಎದುರು ಆರನೇ ತಿಂಗಳು ಖಾಲಿ, ಏಳನೇ ತಿಂಗಳು 8,550 ಇದೆ. ಇದು 4,200 ಮತ್ತು 4,350 ಸೇರಿದ್ದು, ಬಡ್ಡಿ ಹಾಕಿಲ್ಲ. ಇಂಥ ಮೊತ್ತವನ್ನು ಪಟ್ಟಿಯೊಳಗೆ ತಂದರೆ ತಿಂಗಳ ಕಂತೇ ಕೆಟ್ಟುಹೋಗುತ್ತದೆ. ಮೇಲಿನ ಪಟ್ಟಿ ಯಾರು ಎಷ್ಟು ಕಟ್ಟಬೇಕಿತ್ತು ಎಂಬುದರದ್ದು. ಯಾರು ಯಾವಾಗ ಕಟ್ಟಿದರು ಎಂಬುದಕ್ಕೆ ಪಕ್ಕದಲ್ಲಿ ಬೇರೆ ಹಾಳೆ ಇಡಿ. ಆರನೇ ತಿಂಗಳು ಚೀಟಿ ಎತ್ತಿದವಳಿಗೆ 41,000 ಪೂರ್ತಿ ಸಿಕ್ಕಿದ್ದರೆ ಆ 4,200ನ್ನು ನಡೆಸುವವರು ಕೈಯಿಂದ ಹಾಕಿದ್ದಾರೆ. ಸಿಕ್ಕಿರದಿದ್ದರೆ ಆಕೆಗೆ ಅಷ್ಟು ತಡವಾಗಿ ಬಂದಿದೆ. ಇದನ್ನು ಫೋಟೊ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು.

ಪಟ್ಟಿ ಮುಗಿದ ಮೇಲೆ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಇದೆ, ಅದನ್ನು ಚೀಟಿ ಹಾಕಿದವರೆಲ್ಲ ತಿಳಿದಿರಬೇಕು ಎಂದು ನನಗೆ ಅನಿಸುತ್ತದೆ. ಮೊದಲ ತಿಂಗಳು 50,000 ವಸೂಲಾಯಿತು. ಎತ್ತಿದವಳಿಗೆ 35,000, ಕಮಿಷನ್ 2,500. ಉಳಿದ 12,500 ಎಲ್ಲಿದೆ? ಮುಂದಿನ ತಿಂಗಳವರೆಗೆ ನಡೆಸುವವರ ಕೈಯಲ್ಲಿದೆ. ಎರಡನೇ ತಿಂಗಳು ಎಲ್ಲರೂ 3,750ರಂತೆ ಕಟ್ಟಿದಾಗ ಬರುವ 37,500ಕ್ಕೆ ಅದನ್ನು ಸೇರಿಸಿ ಮತ್ತೆ ಐವತ್ತು ಸಾವಿರ ಮಾಡುತ್ತಾರೆ. ಲಾಭವನ್ನು ಮುಂದಿನ ತಿಂಗಳು ಕಳೆಯುವ ಪ್ರತಿ ಚೀಟಿಯಲ್ಲೂ ಹೀಗೆ ಎಲ್ಲರ ಲಾಭ ಒಂದು ತಿಂಗಳು ನಡೆಸುವವರ ಬಳಿ ಇರುತ್ತದೆ, ಮೊದಲ ತಿಂಗಳುಗಳಲ್ಲಿ ಹೆಚ್ಚು, ಕೊನೆಯಲ್ಲಿ ಕಡಿಮೆ. ಅದರಲ್ಲಿ ಮೋಸವಿಲ್ಲ. ಆದರೆ ಚೀಟಿ ನಡುವೆ ನಿಂತರೆ, ಎತ್ತದವರ ಕಂತುಗಳ ಜೊತೆ ಈ ಹಣವೂ ಬಾಕಿಯಲ್ಲಿ ಸೇರುತ್ತದೆ. ಲೆಕ್ಕ ಕೇಳುವಾಗ ಅದನ್ನು ಬಿಟ್ಟುಬಿಡುವವರೇ ಹೆಚ್ಚು.

ಇನ್ನು ಯಾರಿಗೆ ಎಷ್ಟು ಬಿತ್ತು ಎಂಬ ಪ್ರಶ್ನೆ. ಪ್ರತಿ ಚೀಟಿಗೂ ಹತ್ತು ತಿಂಗಳಲ್ಲಿ ಕಟ್ಟಿದ್ದು 43,300. ಮೊದಲು ಎತ್ತಿದವಳಿಗೆ ಬಂದದ್ದು 35,000, ಆಕೆ 8,300 ಹೆಚ್ಚು ಕಟ್ಟಿದಳು. ಕೊನೆಯವಳಿಗೆ 47,500 ಬಂತು, 4,200 ಹೆಚ್ಚು ಸಿಕ್ಕಿತು. ಏಳನೇ ತಿಂಗಳವರೆಗೆ ಎತ್ತಿದವರೆಲ್ಲ ಕಟ್ಟಿದ್ದಕ್ಕಿಂತ ಕಡಿಮೆ ಪಡೆದರು, ಎಂಟರಿಂದ ಮುಂದಿನವರು ಹೆಚ್ಚು ಪಡೆದರು. ಎರಡು ಚೀಟಿಯವಳು 86,600 ಕಟ್ಟಿ 83,500 ಪಡೆದಳು.

ಈ ಕಳೆಯುವ ಲೆಕ್ಕಕ್ಕೇ ನಿಂತರೆ ಬಡ್ಡಿ ಎಷ್ಟೆಂದು ತಿಳಿಯುವುದಿಲ್ಲ, ಏಕೆಂದರೆ ಹಣ ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ಇದರಲ್ಲಿ ಇಲ್ಲ. ಅದಕ್ಕೆ ಒಂದು ಸೂತ್ರ ಸಾಕು. ಮೊದಲು ಎತ್ತಿದವಳಿಗೆ ಮೊದಲ ತಿಂಗಳು ಬಂದದ್ದು 35,000, ಅದೇ ದಿನ ಕಟ್ಟಿದ್ದು 5,000, ಕೈಯಲ್ಲಿ ಉಳಿದದ್ದು 30,000. ಆಮೇಲಿನ ಒಂಬತ್ತು ತಿಂಗಳು ಕಂತುಗಳಷ್ಟೇ. `J2`ರಲ್ಲಿ 30000, `J3`ರಿಂದ `J11`ರವರೆಗೆ -3750, -3850 ಎಂದು ಋಣ ಚಿಹ್ನೆಯೊಂದಿಗೆ ಕಂತುಗಳನ್ನು ಬರೆದು ಹೀಗೆ ಕೇಳಿ:

```
=IRR(J2:J11)
```

ಉತ್ತರ ಸುಮಾರು ಶೇಕಡಾ 5 ಬರುತ್ತದೆ, ಅದು ತಿಂಗಳಿಗೆ. ನಮ್ಮ ಊರುಗಳ ಮಾತಿನಲ್ಲಿ ಹೇಳುವುದಾದರೆ ಐದು ರೂಪಾಯಿ ಬಡ್ಡಿ. ಕೊನೆಯವಳ ಹಣವನ್ನೂ ಹೀಗೇ ಬರೆದರೆ, ಅಂದರೆ ಮೊದಲು -5000, ನಂತರ ಕಂತುಗಳು, ಕೊನೆಯ ತಿಂಗಳು 47,500ರಲ್ಲಿ 4,850 ಕಳೆದು 42650 ಎಂದು ಹಾಕಿದರೆ, ತಿಂಗಳಿಗೆ ಎರಡು ರೂಪಾಯಿಗಿಂತ ಸ್ವಲ್ಪ ಹೆಚ್ಚು ಬಡ್ಡಿ ಕಾಣುತ್ತದೆ. ಸಾಲ ಪಡೆದವಳು ಕೊಟ್ಟ ಬಡ್ಡಿಗೂ ಉಳಿಸಿದವಳು ಪಡೆದ ಬಡ್ಡಿಗೂ ಇಷ್ಟು ಅಂತರ ಬರಲು ಮುಖ್ಯ ಕಾರಣ ಪ್ರತಿ ತಿಂಗಳು ಹೊರಹೋದ ಕಮಿಷನ್. ಮೊದಲ ತಿಂಗಳಲ್ಲೇ ಹದಿನೈದು ಸಾವಿರ ಬಿಟ್ಟುಕೊಡುವ ಮುಂಚೆ ಈ ಐದು ರೂಪಾಯಿಯ ಲೆಕ್ಕ ಕಣ್ಣೆದುರಿಗೆ ಇದ್ದರೆ, ಚಿನ್ನದ ಮೇಲಿನ ಸಾಲವೋ ಸಂಘದ ಸಾಲವೋ ಅಗ್ಗವಾದೀತೇ ಎಂದು ಯೋಚಿಸಲು ಅವಕಾಶ ಸಿಗುತ್ತದೆ.

ಚೀಟಿ ಅರ್ಧದಲ್ಲಿರುವಾಗ ಪಟ್ಟಿ ಮಾಡುವವರು ಮುಂದಿನ ತಿಂಗಳುಗಳ ಮನೆಗಳನ್ನು ಖಾಲಿ ಬಿಡಬೇಕು. ಹಿಂದಿನ ಇಳಿಕೆಯನ್ನು ಮುಂದಕ್ಕೆ ಎಳೆದು ‘ನಿನಗೆ ಇಷ್ಟು ಸಿಗುತ್ತದೆ’ ಎಂದು ಯಾರಿಗೂ ಹೇಳಬೇಡಿ. ಖಚಿತವಾಗಿ ಹೇಳಬಹುದಾದದ್ದು ಎರಡೇ: ಯಾವ ತಿಂಗಳೂ ಕಂತು 5,000 ಮೀರುವುದಿಲ್ಲ, ಕೊನೆಯವರೆಗೆ ಕಾದವರಿಗೆ 47,500 ಬರಬೇಕು.

ಪಟ್ಟಿಗೆ ಇನ್ನೊಂದು ಮಿತಿಯಿದೆ. `H` ಕಾಲಂನಲ್ಲಿ ಸೊನ್ನೆಗಳು ಬಂದರೆ ಪುಸ್ತಕ ತನ್ನೊಳಗೆ ತಾನು ಹೊಂದುತ್ತದೆ ಎಂದಷ್ಟೇ ಅರ್ಥ. ಹರಾಜು ಎಲ್ಲರ ಎದುರು ನಡೆಯಿತೇ, 41,000 ನಿಜವಾಗಿ ಆಕೆಯ ಕೈಸೇರಿತೇ ಎಂಬುದಕ್ಕೆ ಎತ್ತಿದವರ ಸಹಿ ಬೇಕು, ಬ್ಯಾಂಕ್ ಅಥವಾ ಯುಪಿಐ ದಾಖಲೆ ಬೇಕು. ನೋಂದಾಯಿತ ಚೀಟಿಯಲ್ಲಿ ನಡೆಸುವವರು ಚೀಟಿಯ ಮೊತ್ತಕ್ಕೆ ಭದ್ರತೆ ಇಟ್ಟಿರಬೇಕು, ತಕರಾರು ಬಂದರೆ ಚೀಟಿ ರಿಜಿಸ್ಟ್ರಾರರ ಬಳಿ ಹೋಗಬಹುದು. ಮನೆಚೀಟಿಯಲ್ಲಿ ಆ ಆಸರೆ ಇಲ್ಲ, ನಿಮ್ಮ ಬಳಿ ಇರುವ ಕಾಗದವೇ ಸಾಕ್ಷಿ.

ಆದ್ದರಿಂದ ಚೀಟಿ ಮುಗಿಯುವವರೆಗೆ ಕಾಯದೆ, ಪ್ರತಿ ಹರಾಜು ಆದ ದಿನವೇ ಪುಟದ ಫೋಟೊ ಕೇಳಿ ತೆಗೆದುಕೊಳ್ಳಿ, ಎತ್ತಿದವರ ಸಹಿ ಅದರಲ್ಲಿ ಇರುವಂತೆ ನೋಡಿಕೊಳ್ಳಿ. ಚೀಟಿ ನಡೆಸುವವರು ಪುಸ್ತಕದ ಮೊದಲ ಪುಟದಲ್ಲಿ ಮೂರು ಸಾಲು ಬರೆದಿಡಲಿ: ಒಟ್ಟು ಎಷ್ಟು ಚೀಟಿ, ಕಮಿಷನ್ ಎಷ್ಟು, ಲಾಭ ಯಾವ ತಿಂಗಳ ಕಂತಿನಲ್ಲಿ ಕಳೆಯುವುದು.